ಅತ್ತೆಯ ಮರೆವು: ಖಿನ್ನತೆಯೋ, ಡಿಮೆನ್ಶಿಯಾದ ಶುರುವೋ?

ಪ್ರಶ್ನೆ: ನಮ್ಮ ಅತ್ತೆಗೆ 70 ವರ್ಷ. ಮಾವ ತೀರಿಕೊಂಡ ಮೇಲೆ ಗದಗ ಬಿಟ್ಟು ನಮ್ಮ ಜೊತೆ ಮುಲುಂಡ್‌ನಲ್ಲಿದ್ದಾರೆ. ಆರು ತಿಂಗಳಿಂದ ತುಂಬಾ ಮರೆಯುತ್ತಾರೆ, ಮಾತೂ ಕಡಿಮೆ. ಒಬ್ಬ ಡಾಕ್ಟರ್ ಡಿಮೆನ್ಶಿಯಾ ಶುರುವಾಗಿದೆ ಎಂದು ಮಾತ್ರೆ ಬರೆದಿದ್ದಾರೆ. ಇನ್ನೊಬ್ಬರು ಇದು ಖಿನ್ನತೆ ಇರಬಹುದು ಅಂತಾರೆ. ಹೇಗೆ ಗೊತ್ತಾಗುತ್ತದೆ? ಆ ಮಾತ್ರೆ ಶುರು ಮಾಡಬೇಕಾ?

ಉತ್ತರ: ನಿಮ್ಮ ಅತ್ತೆಯವರನ್ನು ನಾನು ನೋಡಿಲ್ಲ. ಹಾಗಾಗಿ ಅವರಿಗೆ ಇಂಥದ್ದೇ ಎಂದು ಇಲ್ಲಿಂದ ಹೇಳಲಾರೆ. ಆದರೆ ನಮ್ಮಲ್ಲಿ ಕಲಿಯಲು ಬರುವ ಕಿರಿಯ ಡಾಕ್ಟರ್‌ಗಳಿಗೆ ಪ್ರತಿ ವರ್ಷ ಹೇಳುವ ಒಂದು ಕೇಸ್ ಇದೆ. ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ. ನಿಮ್ಮ ಮನೆಯ ಪರಿಸ್ಥಿತಿಗೆ ಅದು ಬಹಳ ಹತ್ತಿರ.

ಧಾರವಾಡದ ಕಡೆಯ ತಾಯಿ, 69 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಗಂಡ ಹೋದ ಮೇಲೆ ಮಗನ ಮನೆಗೆ, ಮುಂಬೈಗೆ ಬಂದರು. ಜನವರಿಯಲ್ಲಿ ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ಫೈಲ್ ಇತ್ತು. ಅದರಲ್ಲಿ ಎಂಎಂಎಸ್‌ಇ ಎಂಬ ನೆನಪಿನ ಪರೀಕ್ಷೆಯ ಅಂಕ: 30ಕ್ಕೆ 19. ತಲೆಯ ಸ್ಕ್ಯಾನ್‌ನಲ್ಲಿ ‘ಮಿದುಳು ಸ್ವಲ್ಪ ಕುಗ್ಗಿದೆ’ ಎಂಬ ಸಾಲು. ಜೊತೆಗೆ ಡಿಮೆನ್ಶಿಯಾಗೆ ಕೊಡುವ ಡೊನೆಪೆಜಿಲ್ ಮಾತ್ರೆಯ ಚೀಟಿ. ಮಾತ್ರೆ ಶುರುವಾದ ಮೇಲೆ ವಾಕರಿಕೆ, ಊಟ ಬೇಡ. ತೂಕ 5 ಕಿಲೋ ಇಳಿದಿತ್ತು.

ನಾನು ಮೊದಲು ಕೇಳಿದ್ದು ಆ 11 ಅಂಕ ಎಲ್ಲಿ ಹೋಯಿತು ಅಂತ. ಹಾಳೆ ತೆಗೆದು ನೋಡಿದೆವು. ದಿನ, ಸ್ಥಳದ ಪ್ರಶ್ನೆಗಳಲ್ಲಿ 4 ಹೋಗಿತ್ತು: ಇದು ಎಷ್ಟನೇ ಮಹಡಿ, ಯಾವ ಜಿಲ್ಲೆ, ಇಂಥವು. 100ರಿಂದ ಏಳೇಳು ಕಳೆಯುತ್ತಾ ಹೋಗುವುದರಲ್ಲಿ 4. ಸ್ವಲ್ಪ ಹೊತ್ತಿನ ಮೇಲೆ ಮೂರು ಪದ ನೆನಪಿಸಿಕೊಳ್ಳುವುದರಲ್ಲಿ ಮೂರಕ್ಕೆ ಮೂರೂ ಹೋಗಿತ್ತು. ಪರೀಕ್ಷೆ ನಡೆದದ್ದು ಹಿಂದಿಯಲ್ಲಿ. ಆ ತಾಯಿಗೆ ಹಿಂದಿ ಅರ್ಥವಾಗುತ್ತದೆ, ಆದರೆ ಅದರಲ್ಲಿ ಯೋಚನೆ ಮಾಡುವವರಲ್ಲ. ಲಿಫ್ಟ್‌ನಲ್ಲಿ ಮಗ ಕರೆದುಕೊಂಡು ಹೋದದ್ದು ಎಷ್ಟನೇ ಮಹಡಿಗೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಮರೆಯುವುದು ಹೇಗೆ?

ನಾನು ಕನ್ನಡದಲ್ಲಿ ಮತ್ತೆ ಕೇಳಿದೆ. ‘ಅಮ್ಮಾ, ಈಗ ಯಾವ ತಿಂಗಳು?’ ಸ್ವಲ್ಪ ಹೊತ್ತು ನೆಲ ನೋಡಿದರು. ‘ಪುಷ್ಯ ಮಾಸ ಅಲ್ರೀ. ನಾಡಿದ್ದ ಸಂಕಷ್ಟಿ. ಈ ಸಲ ಉಪವಾಸ ಮಾಡಾಕ ಮನಸ್ಸಿಲ್ಲ.’ ಉತ್ತರ ಸರಿಯಾಗಿತ್ತು. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಮಾತು. ಪಂಚಾಂಗ ತಲೆಯಲ್ಲಿದೆ, ಮನಸ್ಸು ಮಾತ್ರ ಸತ್ತಿದೆ.

ಆಮೇಲೆ ಮೂರು ಪದ ಹೇಳಿದೆ: ನಿಂಬೆಹಣ್ಣು, ಬೀಗ, ನವಿಲು. ಮೂರನ್ನೂ ತಿರುಗಿ ಹೇಳಿದರು. ಐದು ನಿಮಿಷ ಬೇರೆ ಮಾತಾಡಿ ಕೇಳಿದರೆ, ‘ಒಂದೂ ಇಲ್ರೀ. ನನಗ ಏನೂ ನೆನಪ ಉಳಿಯಂಗಿಲ್ಲ, ಸುಮ್ನ ಯಾಕ ಕೇಳ್ತೀರಿ?’ ಹಿಂದಿನ ಪರೀಕ್ಷೆ ಇಲ್ಲಿಗೆ ಸೊನ್ನೆ ಹಾಕಿ ಮುಗಿಸಿತ್ತು. ನಾನು ಸುಳಿವು ಕೊಟ್ಟೆ. ‘ಒಂದು ಹಣ್ಣು.’ ತಡವಾಗಿ ಬಂತು, ‘ನಿಂಬಿಹಣ್ಣ.’ ‘ಬಾಗಿಲಿಗೆ ಹಾಕೋದು.’ ‘ಕೀಲಿ.’ ಧಾರವಾಡದಲ್ಲಿ ಬೀಗಕ್ಕೆ ಕೀಲಿ ಅಂತಲೇ ಅನ್ನುವುದು. ಊರಿನ ಮಾತು ಗೊತ್ತಿಲ್ಲದವರು ಅದನ್ನು ತಪ್ಪು ಅಂತಲೇ ಬರೆದುಬಿಡುತ್ತಿದ್ದರು. ‘ಒಂದು ಪಕ್ಷಿ’ ಎಂದಾಗ ತಲೆ ಅಲ್ಲಾಡಿಸಿದರು. ಗಿಳಿ, ನವಿಲು, ಗುಬ್ಬಿ, ಇವುಗಳಲ್ಲಿ ಯಾವುದು ಎಂದಾಗ ತಡೆಯದೆ ‘ನವಿಲ’ ಅಂದರು.

ಇದು ಇಡೀ ಕೇಸಿನ ತಿರುಳು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಖಿನ್ನತೆಯಲ್ಲಿ ವಿಷಯ ಒಳಗೆ ಹೋಗಿರುತ್ತದೆ. ಟ್ರಂಕಿನಲ್ಲಿ ಸೀರೆ ಇದೆ, ಎದ್ದು ತೆಗೆಯುವ ಶಕ್ತಿ ಇಲ್ಲ. ಯಾರಾದರೂ ಮುಚ್ಚಳ ಎತ್ತಿದರೆ ಸಿಗುತ್ತದೆ. ಡಿಮೆನ್ಶಿಯಾಗಳಲ್ಲಿ ಹೆಚ್ಚಾಗಿ ಕಾಣುವ ಆಲ್‌ಝೈಮರ್ ಕಾಯಿಲೆಯಲ್ಲಿ ಹೊಸ ನೆನಪನ್ನು ಒಳಗಿಡುವ ಹಿಪೊಕ್ಯಾಂಪಸ್ ಎಂಬ ಭಾಗವೇ ಮೊದಮೊದಲು ಹಾಳಾಗುತ್ತದೆ. ಸೀರೆ ಟ್ರಂಕಿಗೆ ಹೋಗಿಯೇ ಇರುವುದಿಲ್ಲ. ಎಷ್ಟು ಸುಳಿವು ಕೊಟ್ಟರೂ ಜಾಸ್ತಿ ಪ್ರಯೋಜನ ಇಲ್ಲ.

ಅದೇ ವಾರ ಮಾಟುಂಗಾದಲ್ಲಿ ಹೋಟೆಲ್ ನಡೆಸಿದ್ದ 72ರ ಒಬ್ಬರು ಬಂದಿದ್ದರು. ಕುಂದಾಪುರದ ಕಡೆಯವರು. ಹೆಂಡತಿ ಒತ್ತಾಯ ಮಾಡಿ ಕರೆತಂದಿದ್ದರು. ‘ನಂಗೆ ಎಂತ ಆಗಿಲ್ಲ ಮಾರಾಯ್ರೆ’ ಎಂದು ನಗುತ್ತಾ ಕೂತರು. ಅದೇ ಮೂರು ಪದ. ಐದು ನಿಮಿಷದ ಮೇಲೆ, ಪದ ಕೊಟ್ಟದ್ದೇ ನೆನಪಿಲ್ಲ. ‘ಒಂದು ಹಣ್ಣು’ ಎಂದರೆ ಸಲೀಸಾಗಿ ‘ಮಾವಿನಹಣ್ಣು’. ಮೂರರಲ್ಲಿ ಒಂದು ಆರಿಸಿ ಎಂದರೆ ‘ಗಿಳಿ’, ಅದೂ ಪೂರ್ತಿ ಧೈರ್ಯದಿಂದ. ತಿಂಗಳು ಕೇಳಿದಾಗ ಕತ್ತು ಹೆಂಡತಿಯ ಕಡೆ ತಿರುಗಿತು. ಉತ್ತರಕ್ಕಾಗಿ ಹೀಗೆ ಪಕ್ಕದವರ ಕಡೆ ತಿರುಗುವುದು ನಮಗೆ ಮುಖ್ಯ ಗುರುತು. ಯಾವಾಗ ಶುರುವಾಯಿತು ಎಂದರೆ ಹೆಂಡತಿಗೆ ಹೇಳಲಾಗಲಿಲ್ಲ. ಮೂರು ವರ್ಷದ ಹಿಂದೆ ತರಕಾರಿಯವನಿಗೆ ಒಂದೇ ಬಿಲ್ಲಿನ ದುಡ್ಡನ್ನು ಎರಡು ಸಲ ಕೊಟ್ಟದ್ದು ಮೊದಲೋ, ಅದಕ್ಕೂ ಮುಂಚೆ ಇತ್ತೋ, ಗೊತ್ತಿಲ್ಲ. ಅವರೂ ಭಜನೆಗೆ ಹೋಗುವುದು ಬಿಟ್ಟಿದ್ದರು. ಆದರೆ ಅದಕ್ಕಾಗಿ ದುಃಖ ಇರಲಿಲ್ಲ. ಮನೆಯವರು ‘ಯಾವಾಗಲೂ ಡಲ್ ಇರ್ತಾರೆ’ ಎನ್ನುವುದು ಈ ನಿರಾಸಕ್ತಿಗೂ ಹೊಂದುತ್ತದೆ, ಖಿನ್ನತೆಗೂ ಹೊಂದುತ್ತದೆ. ಹತ್ತಿರ ಕೂತು ಕೇಳಿದರೇನೇ ಬೇರೆ ಮಾಡಲು ಸಾಧ್ಯ.

ಧಾರವಾಡದ ತಾಯಿಯಲ್ಲಿ ಶುರುವಿಗೆ ದಿನ ಹೇಳಬಹುದಿತ್ತು. ದಸರೆಗೆ ಹೋಳಿಗೆ ಮಾಡಿದ್ದರು, ದೀಪಾವಳಿಗೆ ಅಡುಗೆಮನೆಗೆ ಬರಲಿಲ್ಲ. ಬೆಳಗಿನ ಜಾವ 3ಕ್ಕೆ ಎಚ್ಚರ. ಬೆಳಿಗ್ಗೆ ಎಲ್ಲಕ್ಕಿಂತ ಕಷ್ಟ, ಸಂಜೆ ಸ್ವಲ್ಪ ಹಗುರ. ಮಗನಿಗೆ ಭಾರವಾದೆ ಎಂಬ ಮಾತು. ಮರೆವಿನ ದೂರು ಹೇಳಿದ್ದೂ ಅವರೇ, ಮನೆಯವರಿಗಿಂತ ಮೊದಲು. 15 ಪ್ರಶ್ನೆಗಳ ವೃದ್ಧರ ಖಿನ್ನತೆ ಪಟ್ಟಿಯಲ್ಲಿ 11 ಬಂತು. 5 ದಾಟಿದರೇ ನಾವು ಗಮನ ಕೊಡುತ್ತೇವೆ.

ಬದುಕು ಬೇಡ ಅನಿಸುತ್ತದೆಯಾ ಎಂದು ನೇರವಾಗಿಯೇ ಕೇಳಿದೆ. ‘ದೇವರು ಲಗೂನ ಕರಕೊಂಡ್ರ ಸಾಕು’ ಅಂದರು. ತಾವಾಗಿ ಏನಾದರೂ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಆದರೂ ಮಾತ್ರೆಗಳನ್ನೆಲ್ಲ ಮಗನ ಕೈಯಲ್ಲಿ ಇಡಿಸಿದೆ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ದಯವಿಟ್ಟು ಕೇಳಿ. ಗಾಬರಿಯಾಗುವ ಉತ್ತರ ಬಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲೂ ರಾತ್ರಿ ಇರುತ್ತದೆ. ಕನ್ನಡದಲ್ಲೂ ಮಾತಾಡಬಹುದು.

ಇಷ್ಟಾದರೂ ಖಿನ್ನತೆ ಎಂದು ಮುದ್ರೆ ಒತ್ತಲಿಲ್ಲ. ರಕ್ತದಲ್ಲಿ ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ, ಹಿಮೋಗ್ಲೋಬಿನ್ ನೋಡಿದೆವು. ಬಿ12 ಕಡಿಮೆ ಇತ್ತು. ಮಾಂಸ, ಮೀನು, ಮೊಟ್ಟೆ ತಿನ್ನದ, ಹಾಲೂ ಬಿಟ್ಟಿದ್ದ ಹಿರಿಯರಲ್ಲಿ ಅದು ಆಶ್ಚರ್ಯವಲ್ಲ. ಇಂಜೆಕ್ಷನ್ ಕೊಟ್ಟೆವು. ಎಂಆರ್‌ಐನಲ್ಲಿ ಹಿಪೊಕ್ಯಾಂಪಸ್ ವಯಸ್ಸಿಗೆ ತಕ್ಕಂತೆ ಇತ್ತು. ಆದರೆ ಬಿಳಿ ಚುಕ್ಕೆಗಳು ಕಂಡವು. 15 ವರ್ಷದ ಬಿಪಿ ಸಣ್ಣ ರಕ್ತನಾಳಗಳಲ್ಲಿ ಬಿಟ್ಟ ಗುರುತು ಅದು. 60 ದಾಟಿದ ಮೇಲೆ ಮೊದಲ ಸಲ ಬರುವ ಖಿನ್ನತೆಯಲ್ಲಿ ಇದು ಎಷ್ಟೋ ಸಲ ಕಾಣುತ್ತದೆ. ಅಂಥವರಲ್ಲಿ ನೆನಪಿಗಿಂತ ಯೋಚನೆಯ ವೇಗ, ಒಂದಾದ ಮೇಲೊಂದು ಕೆಲಸ ಹೊಂದಿಸುವ ಶಕ್ತಿ ಜಾಸ್ತಿ ಕುಂದಿರುತ್ತದೆ. 100ರಿಂದ 7 ಕಳೆಯುವಾಗ ಕೈಬಿಟ್ಟದ್ದಕ್ಕೆ ಇದೂ ಕಾರಣ ಇರಬಹುದು.

ಡೊನೆಪೆಜಿಲ್ ನಿಲ್ಲಿಸಿದೆ. ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಮಾತ್ರೆ 5 ಮಿಲಿಗ್ರಾಂ ಒಂದು ವಾರ, ನಂತರ 10. ಈ ವಯಸ್ಸಿನಲ್ಲಿ 10ಕ್ಕಿಂತ ಮೇಲೆ ಸಾಮಾನ್ಯವಾಗಿ ಹೋಗುವುದಿಲ್ಲ, ಹೃದಯದ ಬಡಿತದ ಮೇಲೆ ಕಣ್ಣಿಡಬೇಕಾಗುತ್ತದೆ. ಎರಡು ವಾರಕ್ಕೆ ಸೋಡಿಯಂ ಮತ್ತೆ ನೋಡಿದಾಗ 138 ಇದ್ದದ್ದು 133ಕ್ಕೆ ಇಳಿದಿತ್ತು. ಈ ಔಷಧಿಯೂ, ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಯೂ ಸೇರಿದರೆ ಹಿರಿಯರಲ್ಲಿ ಹೀಗಾಗುತ್ತದೆ. ತುಂಬಾ ಇಳಿದರೆ ಅದೇ ಗೊಂದಲ, ಮಂಪರು ತಂದು ಡಿಮೆನ್ಶಿಯಾ ಹಾಗೆ ಕಾಣಿಸುತ್ತದೆ. ಅವರ ಫಿಸಿಶಿಯನ್ ಜೊತೆ ಮಾತಾಡಿ ಬಿಪಿ ಮಾತ್ರೆ ಬದಲಿಸಿದೆವು.

ನಾಲ್ಕನೇ ವಾರದವರೆಗೆ ಏನೂ ಆಗಲಿಲ್ಲ. ಮಗ ಕೈಚೆಲ್ಲಿದ್ದರು. ಹಿರಿಯರಲ್ಲಿ ಎಂಟು, ಕೆಲವೊಮ್ಮೆ ಹನ್ನೆರಡು ವಾರ ಕಾಯಬೇಕಾಗುತ್ತದೆ. ಐದನೇ ವಾರ ನಿದ್ದೆ ಬಂತು. ಎಂಟನೇ ವಾರ, ‘ಈ ಸೊಪ್ಪು ತರೂದಲ್ಲ’ ಎಂದು ಸೊಸೆಗೆ ಗದರಿದರಂತೆ. ಸೊಸೆ ಅದನ್ನು ಹೇಳುವಾಗ ಕಣ್ಣಲ್ಲಿ ನೀರಿತ್ತು. ಹನ್ನೆರಡನೇ ವಾರ ಕನ್ನಡದಲ್ಲಿ ಅದೇ ಪರೀಕ್ಷೆ, ಬೇರೆ ಪದಗಳು: 30ಕ್ಕೆ 27. ಒಂದು ಪದ, ಎರಡು ಲೆಕ್ಕ ತಪ್ಪಿತ್ತು. ಖಿನ್ನತೆ ಪಟ್ಟಿಯಲ್ಲಿ 3. ಇದರಲ್ಲಿ ಬಿ12 ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ಕನ್ನಡದಲ್ಲಿ ಕೇಳಿದ್ದರ ಪಾಲೆಷ್ಟು ಎಂದು ಬೇರೆ ಬೇರೆ ತೂಗಿ ಹೇಳಲು ಆಗುವುದಿಲ್ಲ.

ಕಿರಿಯ ಡಾಕ್ಟರ್‌ಗಳು ಇಲ್ಲಿ ಫೈಲ್ ಮುಚ್ಚುತ್ತಾರೆ. ನಾನು ಮುಚ್ಚಲು ಬಿಡುವುದಿಲ್ಲ. ಇಂಥ ಮರೆವನ್ನು ಹಿಂದೆ ‘ಹುಸಿ ಡಿಮೆನ್ಶಿಯಾ’ ಎನ್ನುತ್ತಿದ್ದರು, 1961ರಲ್ಲಿ ಕಿಲೋ ಎಂಬ ಮನೋವೈದ್ಯರು ಬರೆದ ಲೇಖನದಿಂದ ಆ ಮಾತು ಹರಡಿತು. ಹುಸಿ ಎಂದರೆ ನಿಶ್ಚಿಂತೆ ಅನಿಸುತ್ತದೆ, ಅಲ್ವಾ? ಆದರೆ ಖಿನ್ನತೆ ವಾಸಿಯಾಗಿ ನೆನಪು ಮರಳಿದವರಲ್ಲೂ ಮುಂದಿನ ವರ್ಷಗಳಲ್ಲಿ ನಿಜವಾದ ಡಿಮೆನ್ಶಿಯಾ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಕೆಲವರಲ್ಲಿ ಇಳಿವಯಸ್ಸಿನ ಖಿನ್ನತೆಯೇ ಆ ಕಾಯಿಲೆಯ ಮೊದಲ ಹೆಜ್ಜೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಅಂಥವರಲ್ಲಿ ಖಿನ್ನತೆಯ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಸರ್ಟ್ರಾಲಿನ್, ಮಿರ್ಟಾಜಪಿನ್ ಎರಡೂ ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಮೇಲೇನೂ ಆಗಲಿಲ್ಲ. ಹಾಗಾಗಿ ಆ ತಾಯಿಯನ್ನು ಆರು ತಿಂಗಳಿಗೊಮ್ಮೆ ಕರೆಸಿ ಅದೇ ಪರೀಕ್ಷೆ ಮಾಡುತ್ತೇವೆ, ಬಿಪಿ ಹತೋಟಿಯಲ್ಲಿಡುತ್ತೇವೆ.

ಈಗ ನಿಮ್ಮ ಮಾತ್ರೆಯ ವಿಷಯ. ನೀವಾಗಿಯೇ ಶುರು ಮಾಡುವುದೂ ಬೇಡ, ಶುರುವಾಗಿದ್ದರೆ ನಿಲ್ಲಿಸುವುದೂ ಬೇಡ. ಮನೋವೈದ್ಯರಿಗೋ ನರರೋಗ ತಜ್ಞರಿಗೋ ಒಮ್ಮೆ ತೋರಿಸಿ, ಕನ್ನಡದಲ್ಲಿ ಪರೀಕ್ಷೆ ಮಾಡುವವರು ಸಿಗುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ಸಿಗದಿದ್ದರೆ ನೀವೇ ಪಕ್ಕದಲ್ಲಿ ಕೂತು ಪ್ರಶ್ನೆಯನ್ನು ಅವರ ಮಾತಿಗೆ ತಿರುಗಿಸಿ, ಉತ್ತರ ಮಾತ್ರ ಹೇಳಿಕೊಡಬೇಡಿ. ಕನ್ನಡಕ, ಕಿವಿಯ ಮಷಿನ್ ಮರೆಯಬೇಡಿ. ಕೇಳಿಸದ ಪದ ನೆನಪಿರುವುದಿಲ್ಲ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನೆಗಡಿಗೆ, ನಿದ್ದೆಗೆ, ಕಾಲು ಉರಿಗೆ ಎಂದು ಯಾರೋ ಬರೆದದ್ದೂ ಅದರಲ್ಲಿರಲಿ, ಕ್ಲೋರ್‌ಫೆನಿರಮಿನ್, ಆಲ್ಪ್ರಜೊಲಾಮ್, ಅಮಿಟ್ರಿಪ್ಟಿಲಿನ್ ಇವು ಒಂದೊಂದೂ ಹಿರಿಯರ ನೆನಪು ಮಂಕು ಮಾಡುತ್ತವೆ. ಬಿದ್ದು ತಲೆಗೆ ಪೆಟ್ಟಾಗಿದ್ದರೆ, ವಾರಗಳ ಹಿಂದಿನದಾದರೂ ಹೇಳಿ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಯಾವ ಹಬ್ಬದವರೆಗೆ ಸರಿಯಿದ್ದರು, ಮೊದಲು ನಿಂತದ್ದು ಯಾವ ಕೆಲಸ, ಆ ಕೆಲಸ ಬಾರದೆ ನಿಂತಿತೋ ಬೇಡವೆಂದು ನಿಂತಿತೋ.