ಸಂಡಿಗೆಗೆ ಪರದೆ ತಾಗದಂತೆ

"ಮಹಡಿ ಮೇಲೆ ಅಕ್ಕಿ ಸಂಡಿಗೆ ಇಟ್ಟು ಸೊಳ್ಳೆಪರದೆ ಹೊದಿಸಿದೆ. ಪರದೆ ಅಂಟಿಕೊಂಡಿತು, ನೊಣ, ಇರುವೆಯೂ ತಪ್ಪಲಿಲ್ಲ. ಏನು ಮಾಡಲಿ?"

ಪರದೆ ಸಂಡಿಗೆಗೆ ತಾಗಲೇಬಾರದು. ತಾಗಿದರೆ ನೊಣ ಮೇಲೆ ಕೂತೇ ತೂತಿನಿಂದ ಹಿಟ್ಟು ಮುಟ್ಟುತ್ತದೆ. ಬಿಸಿಲಲ್ಲಿ ಮಂಚ ಹಾಕಿ, ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿಡಿ. ಮೂಲೆಗಳಿಗೆ ಕೋಲು ಕಟ್ಟಿ, ಪರದೆಯನ್ನು ಒಂದು ಗೇಣು ಎತ್ತರಕ್ಕೆ ಬಿಗಿಯಾಗಿ ಎಳೆದು ಅಂಚನ್ನು ಹಾಸಿನಡಿ ಸಿಕ್ಕಿಸಿ. ನೆಲದವರೆಗೆ ಇಳಿಬಿಟ್ಟರೆ ಇರುವೆಗೆ ಅದೇ ಏಣಿ. ಬಿಗಿಯಿದ್ದರೆ ಕಾಗೆ ಕೂತರೂ ಪರದೆ ಸಂಡಿಗೆವರೆಗೆ ಜೋತು ಬೀಳಲ್ಲ.

ಧೂಳಿಗೆ ಮಾತ್ರ ಪರದೆ ಸಾಲದು. ಹಿಂದಿನ ಸಂಜೆಯೇ ಮಹಡಿ ತೊಳೆದುಬಿಡಿ. ಗಾಳಿ ಎದ್ದರೆ ಪರದೆ ಮೇಲೆ ತೆಳು ಪಂಚೆ ಹಾಕಿ, ಒಣಗೋದು ತಡವಾದರೂ ಸರಿ. ಸಂಡಿಗೆಯ ಅಂಚು ತಾನಾಗೇ ಎದ್ದಾಗ ಮಗುಚಿ. ಮುರಿದರೆ ಟಕ್ಕೆನ್ನಬೇಕು; ಬಾಗಿದರೆ ಇನ್ನೊಂದು ಬಿಸಿಲು ಬೇಕು.