ನೂರು ಸಲ ಗುಣಿಸಿದ ಉತ್ತರವೂ ಐಗನ್‌ವೆಕ್ಟರ್ ಉತ್ತರವೂ ಬೇರೆ ಬಂದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ಬಿಸಿಲು–ಮಳೆಯ ಟ್ರಾನ್ಸಿಷನ್ ಮ್ಯಾಟ್ರಿಕ್ಸ್‌ನಿಂದ ದೀರ್ಘಕಾಲದ ಪ್ರಮಾಣ ಕಂಡುಹಿಡಿಯಬೇಕಾಗಿದೆ. ಮ್ಯಾಟ್ರಿಕ್ಸನ್ನು ಅದರಿಂದಲೇ ನೂರು ಸಲ ಗುಣಿಸಿದರೆ ಒಂದು ಉತ್ತರ ಬರುತ್ತದೆ, ಐಗನ್‌ವ್ಯಾಲ್ಯೂ 1ರ ಐಗನ್‌ವೆಕ್ಟರ್ ತೆಗೆದರೆ ಇನ್ನೊಂದು. ಯಾವ ವಿಧಾನ ಉತ್ತಮ?

ಉತ್ತರ: ನಿಮ್ಮ ಎರಡನೆಯ ಉತ್ತರ ಅರ್ಧಕ್ಕರ್ಧ ಎಂದು ಬಂದಿರಬೇಕು. ಸ್ನಾತಕೋತ್ತರ ತರಗತಿಯ ಪ್ರಾಜೆಕ್ಟ್ ವರದಿಯಲ್ಲಿ ನಾನೂ ಅದನ್ನೇ ಬರೆದಿದ್ದೆ: ದೀರ್ಘಕಾಲದಲ್ಲಿ ಅರ್ಧದಷ್ಟು ದಿನಗಳು ಬಿಸಿಲು, ಅರ್ಧದಷ್ಟು ಮಳೆ. ವರದಿಯನ್ನು ಓದಿದ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ದಾಖಲೆಯಲ್ಲಿ ಮಳೆ ಬಂದ ದಿನಗಳೆಷ್ಟು, ಒಮ್ಮೆ ಎಣಿಸಿದ್ದೀರಾ?" ನಾನು ಎಣಿಸಿರಲಿಲ್ಲ. ಅವರ ಎದುರಿಗೇ ಎಣಿಸಿದಾಗ ಮಳೆಯ ದಿನಗಳು ಮೂರರಲ್ಲಿ ಒಂದು ಪಾಲು ಮಾತ್ರ ಇದ್ದವು.

ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ. ಒಟ್ಟು 750 ದಿನಗಳಲ್ಲಿ 500 ಬಿಸಿಲಿನವು, 250 ಮಳೆಯವು. ಬಿಸಿಲಿನ 500 ದಿನಗಳಲ್ಲಿ 400ರ ಮರುದಿನ ಬಿಸಿಲೇ ಇತ್ತು, 100ರ ಮರುದಿನ ಮಳೆ ಬಂತು. ಮಳೆಯ 250 ದಿನಗಳಲ್ಲಿ 100ರ ಮರುದಿನ ಬಿಸಿಲು, 150ರ ಮರುದಿನ ಮತ್ತೆ ಮಳೆ. ಹೀಗಾಗಿ ಮೊದಲ ಅಡ್ಡಸಾಲು 0.8, 0.2 ಎಂದೂ ಎರಡನೆಯದು 0.4, 0.6 ಎಂದೂ ಆಯಿತು. ಇಲ್ಲಿ ಅಡ್ಡಸಾಲು ಇಂದಿನದು, ಕಂಬಸಾಲು ನಾಳೆಯದು. ಪ್ರತಿ ಅಡ್ಡಸಾಲಿನ ಮೊತ್ತ 1. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ತಪ್ಪು ಆದದ್ದು ಮುಂದಿನ ಹೆಜ್ಜೆಯಲ್ಲಿ. ಸಿದ್ಧಾಂತವನ್ನು ನಾನು ಕಲಿತ ಪುಸ್ತಕ ಕಂಬಸಾಲುಗಳ ಮೊತ್ತ 1 ಆಗುವಂತೆ ಮ್ಯಾಟ್ರಿಕ್ಸನ್ನು ಬರೆಯುತ್ತಿತ್ತು, ಹಾಗೆ ಬರೆದಾಗ `Px = x` ಎಂಬ ಸಮೀಕರಣ ನೇರವಾಗಿ ದೀರ್ಘಕಾಲದ ವಿತರಣೆಯನ್ನೇ ಕೊಡುತ್ತದೆ. ನಾನು ಕೋಷ್ಟಕವನ್ನು ಅಡ್ಡಸಾಲಿನ ಪದ್ಧತಿಯಲ್ಲಿ ಕಟ್ಟಿ, ಸಮೀಕರಣವನ್ನು ಮಾತ್ರ ಕಂಬಸಾಲಿನ ಪದ್ಧತಿಯಿಂದ ಎತ್ತಿಕೊಂಡೆ. `np.linalg.eig(P)` ಎಂದು ಕೊಟ್ಟಾಗ ಐಗನ್‌ವ್ಯಾಲ್ಯೂ 1ಕ್ಕೆ ಬಂದ ವೆಕ್ಟರ್ 0.7071, 0.7071. ಮೊತ್ತ 1 ಆಗುವಂತೆ ಭಾಗಿಸಿದರೆ 0.5, 0.5. ನೋಡಲು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅನುಮಾನವೇ ಬರಲಿಲ್ಲ.

ಆ ವೆಕ್ಟರ್ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನನಗೆ ಅಂಕಗಳು ಹೋದದ್ದು ಇಲ್ಲಿಯೇ. ಮ್ಯಾಟ್ರಿಕ್ಸ್‌ನ ಬಲಗಡೆ ಒಂದು ವೆಕ್ಟರ್ ಇಟ್ಟು ಗುಣಿಸುವುದೆಂದರೆ ಸರಾಸರಿ ತೆಗೆಯುವುದು. ನಾಳೆ ಬಿಸಿಲಾದರೆ ಇಷ್ಟು, ಮಳೆಯಾದರೆ ಇಷ್ಟು ಎಂದು ಬೆಲೆ ಕಟ್ಟಿದರೆ, ಇಂದಿನ ಸ್ಥಿತಿಯಲ್ಲಿ ನಿಂತು ನೋಡಿದಾಗ ನಾಳೆಯ ನಿರೀಕ್ಷಿತ ಬೆಲೆ ಎಷ್ಟು ಎಂಬುದನ್ನು ಆ ಗುಣಾಕಾರ ಹೇಳುತ್ತದೆ. ಎರಡಕ್ಕೂ ಒಂದೇ ಬೆಲೆ ಕಟ್ಟಿದರೆ ಸರಾಸರಿಯೂ ಅದೇ ಆಗುತ್ತದೆ. ಆದ್ದರಿಂದ ಎಲ್ಲವೂ ಸಮವಾಗಿರುವ ವೆಕ್ಟರ್, ಅಡ್ಡಸಾಲಿನ ಮೊತ್ತ 1 ಇರುವ ಯಾವುದೇ ಮ್ಯಾಟ್ರಿಕ್ಸ್‌ಗೂ ಐಗನ್‌ವ್ಯಾಲ್ಯೂ 1ರ ಬಲ ಐಗನ್‌ವೆಕ್ಟರ್ ಆಗಿರುತ್ತದೆ. ಅಲ್ಲಿ ಹವಾಮಾನದ ಸುದ್ದಿಯೇ ಇಲ್ಲ. ಅಡ್ಡಸಾಲುಗಳನ್ನು ಸರಿಯಾಗಿ ಕೂಡಿದ್ದೀರಿ ಎಂಬ ದೃಢೀಕರಣ ಮಾತ್ರ ಇದೆ.

ನಮಗೆ ಬೇಕಾದದ್ದು ಎಡಗಡೆಯಿಂದ ಗುಣಿಸುವ ವೆಕ್ಟರ್. ಇಂದಿನ ಸಂಭವನೀಯತೆಗಳು `x` ಆದರೆ ನಾಳೆಯವು `xP`, ಆದ್ದರಿಂದ ಬದಲಾಗದೆ ಉಳಿಯುವ ವಿತರಣೆ `xP = x` ಎಂಬುದನ್ನು ಪಾಲಿಸಬೇಕು. ಇದಕ್ಕೆ ಮ್ಯಾಟ್ರಿಕ್ಸನ್ನು ಟ್ರಾನ್ಸ್‌ಪೋಸ್ ಮಾಡಿ ಕೊಟ್ಟರೆ ಸಾಕು:

```python
import numpy as np
P = np.array([[0.8, 0.2],
              [0.4, 0.6]])
w, v = np.linalg.eig(P.T)
k = np.argmin(abs(w - 1))
x = v[:, k].real
print(x / x.sum())
```

ಉತ್ತರ 0.6667, 0.3333. ಕೊನೆಯ ಸಾಲಿನ ಭಾಗಾಕಾರವನ್ನು ಬಿಡಬೇಡಿ: numpy ಕೊಡುವ ವೆಕ್ಟರ್‌ನ ಉದ್ದ 1 ಇರುತ್ತದೆಯೇ ಹೊರತು ಮೊತ್ತವಲ್ಲ, ಕೆಲವೊಮ್ಮೆ ಎರಡೂ ಅಂಕಿಗಳು ಋಣವಾಗಿಯೂ ಬರುತ್ತವೆ. ಐಗನ್‌ವ್ಯಾಲ್ಯೂಗಳನ್ನು ಅದು ಕ್ರಮದಲ್ಲಿ ಜೋಡಿಸುವುದೂ ಇಲ್ಲ, ಅದಕ್ಕಾಗಿಯೇ 1ಕ್ಕೆ ಹತ್ತಿರದ್ದನ್ನು ಹುಡುಕುವ ಸಾಲು.

ಹಾಗಾದರೆ ನಾನು ಪರೀಕ್ಷಿಸಿ ನೋಡಿರಲಿಲ್ಲವೇ? ನೋಡಿದ್ದೆ, ಅದೇ ನಗೆಪಾಟಲಿನ ಸಂಗತಿ. ಪರೀಕ್ಷೆಗೆಂದು ನಾನು ಆರಿಸಿಕೊಂಡ ಮ್ಯಾಟ್ರಿಕ್ಸ್ 0.7, 0.3 ಮತ್ತು 0.3, 0.7. ಅದರ ಅಡ್ಡಸಾಲು, ಕಂಬಸಾಲು ಎರಡರ ಮೊತ್ತವೂ 1. ಅಂಥ ಮ್ಯಾಟ್ರಿಕ್ಸ್‌ಗೆ ಸರಿಯಾದ ಉತ್ತರವೇ ಅರ್ಧಕ್ಕರ್ಧ. ಎಡ–ಬಲದ ತಪ್ಪನ್ನು ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ವಿಧಾನ ಉತ್ತಮ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಇಂಥ ಮ್ಯಾಟ್ರಿಕ್ಸ್‌ನಲ್ಲಿ ಎರಡೂ ಒಂದೇ ಉತ್ತರ ಕೊಡಲೇಬೇಕು, ಕೊಡದಿದ್ದರೆ ಒಂದರಲ್ಲಿ ತಪ್ಪಾಗಿದೆ ಎಂದೇ ಅರ್ಥ. ನೂರು ಸಲ ಗುಣಿಸುವ ಅಗತ್ಯವೂ ಇಲ್ಲ. ಇಂದು ಮಳೆ ಎಂದಿಟ್ಟುಕೊಂಡರೆ ಬಿಸಿಲಿನ ಸಂಭವನೀಯತೆ ದಿನದಿಂದ ದಿನಕ್ಕೆ 0, 0.4, 0.56, 0.624, 0.6496 ಎಂದು ಏರುತ್ತದೆ, ಮೂರನೇ ಎರಡಕ್ಕೆ ಉಳಿದ ಅಂತರ ಪ್ರತಿದಿನವೂ ಹಿಂದಿನದರ 0.4 ಪಟ್ಟಿಗೆ ಇಳಿಯುತ್ತದೆ. ಆ 0.4 ಎಂಬುದೇ ಎರಡನೆಯ ಐಗನ್‌ವ್ಯಾಲ್ಯೂ. ಮಳೆಯ ನೆನಪು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಹೇಳುವ ಈ ಅಂಕಿ, ನನ್ನ ಮಟ್ಟಿಗೆ, ಸ್ಥಿರ ವಿತರಣೆಗಿಂತ ಹೆಚ್ಚು ಉಪಯುಕ್ತ.

ಏಕೆಂದರೆ ಪರೀಕ್ಷಕರ ಪ್ರಶ್ನೆಯ ಹಿಂದೆ ಇನ್ನೊಂದು ಮಾತಿತ್ತು, ಅದು ನನಗೆ ಅರ್ಥವಾದದ್ದು ಎಷ್ಟೋ ದಿನಗಳ ನಂತರ. ಮಳೆ ಒಮ್ಮೆ ಶುರುವಾದರೆ, ಮತ್ತೆ ಶುರುವಾಗುವ ಮುನ್ನ ಅದು ಒಮ್ಮೆ ನಿಲ್ಲಲೇಬೇಕು. ಆದ್ದರಿಂದ ಯಾವ ದಾಖಲೆಯಲ್ಲಾದರೂ ಬಿಸಿಲಿನಿಂದ ಮಳೆಗೆ ದಾಟಿದ ಸಲಗಳೂ ಮಳೆಯಿಂದ ಬಿಸಿಲಿಗೆ ಮರಳಿದ ಸಲಗಳೂ ಸಮವಾಗಿರುತ್ತವೆ, ಹೆಚ್ಚೆಂದರೆ ಒಂದರ ವ್ಯತ್ಯಾಸ. ನನ್ನ ಕೋಷ್ಟಕದಲ್ಲಿ ಅತ್ತ 100, ಇತ್ತ 100 ಇದ್ದದ್ದು ಆಕಸ್ಮಿಕವಲ್ಲ. 500 × 0.2 = 250 × 0.4 ಎಂಬ ಈ ಸಮತೋಲವೇ `xP = x`. ಹೀಗಾಗಿ ದಾಖಲೆಯಿಂದಲೇ ಕಟ್ಟಿದ ಮ್ಯಾಟ್ರಿಕ್ಸ್‌ನ ಸ್ಥಿರ ವಿತರಣೆ, ಆ ದಾಖಲೆಯಲ್ಲಿ ಆಯಾ ದಿನಗಳನ್ನು ನೇರವಾಗಿ ಎಣಿಸಿದರೆ ಸಿಗುವ ಪ್ರಮಾಣಕ್ಕೆ ಹೆಚ್ಚುಕಡಿಮೆ ಸಮವಾಗಿಯೇ ಇರುತ್ತದೆ. ಗಣಿತಜ್ಞ ಮಾರ್ಕೊವ್ 1913ರಲ್ಲಿ ಒಂದು ರಷ್ಯನ್ ಕಾವ್ಯದ 20,000 ಅಕ್ಷರಗಳನ್ನು ಸ್ವರ, ವ್ಯಂಜನ ಎಂದು ಎಣಿಸಿದಾಗಲೂ ಇದೇ ಕಾಣುತ್ತದೆ: ಸ್ವರದ ನಂತರ ಸ್ವರ 0.128, ಅಂದರೆ ಸ್ವರದ ನಂತರ ವ್ಯಂಜನ 0.872; ವ್ಯಂಜನದ ನಂತರ ಸ್ವರ 0.663. ಇವೆರಡರಿಂದ ಸ್ಥಿರ ಪ್ರಮಾಣ ತೆಗೆದರೆ 0.663 ÷ (0.872 + 0.663), ಅಂದರೆ 0.432. ನೇರವಾಗಿ ಎಣಿಸಿದ 8,638 ಸ್ವರಗಳ ಪಾಲೂ ಅಷ್ಟೇ.

ಮ್ಯಾಟ್ರಿಕ್ಸ್ ಜೊತೆಗೆ ದಾಖಲೆಯೂ ನಿಮ್ಮ ಕೈಯಲ್ಲಿದ್ದರೆ ಮೊದಲು ದಿನಗಳನ್ನು ಎಣಿಸಿ. ಐಗನ್‌ವೆಕ್ಟರ್ ಅದಕ್ಕೆ ಹೊಂದದಿದ್ದರೆ ಟ್ರಾನ್ಸ್‌ಪೋಸ್ ಮರೆತಿದ್ದೀರಿ. ಗುಣಿಸುವ ವಿಧಾನವೂ ಐಗನ್‌ವೆಕ್ಟರೂ ನಿಜವಾಗಿ ಬೇರೆಯಾಗುವ ಸಂದರ್ಭವೊಂದಿದೆ: ಇಂದು ಬಿಸಿಲಾದರೆ ನಾಳೆ ಖಚಿತವಾಗಿ ಮಳೆ, ಮಳೆಯಾದರೆ ನಾಳೆ ಖಚಿತವಾಗಿ ಬಿಸಿಲು. ಆಗ ಎರಡನೆಯ ಐಗನ್‌ವ್ಯಾಲ್ಯೂ −1. ಎಷ್ಟು ಸಲ ಗುಣಿಸಿದರೂ ಮ್ಯಾಟ್ರಿಕ್ಸ್ ಅತ್ತಿಂದಿತ್ತ ಹೊರಳುತ್ತಲೇ ಇರುತ್ತದೆ, ಅಲ್ಲಿ ಅರ್ಧಕ್ಕರ್ಧ ಎನ್ನುವ ಐಗನ್‌ವೆಕ್ಟರನ್ನು ನಂಬಬಹುದು, ಅದೂ ಬಹಳ ದಿನಗಳ ಸರಾಸರಿಯ ಅರ್ಥದಲ್ಲಿ.