ಯಾರಿದ್ದಾರೆ ಎಂದು ಕೇಳಬೇಡಿ, ಏನಿದೆ ಎಂದು ಕೇಳಿ

ಪ್ರಶ್ನೆ: ಶಿವಮೊಗ್ಗಕ್ಕೆ ವರ್ಗವಾಗಿದೆ. ಎರಡು ಕೋಣೆಯ ಮನೆಯೊಂದರ ಜಾಹೀರಾತು ನೋಡಿದ್ದೇನೆ. ಮಾಲೀಕರಿಗೆ ಮೊದಲ ಸಲ ಮೆಸೇಜ್ ಕಳಿಸುವಾಗಲೇ ಬಾಡಿಗೆ, ಅಡ್ವಾನ್ಸ್, ಯಾವಾಗ ಸಿಗುತ್ತದೆ, ಅಕ್ಕಪಕ್ಕ ಯಾರಿದ್ದಾರೆ ಎಂದು ಎಲ್ಲವನ್ನೂ ಕೇಳಬಹುದೇ? ಅಕ್ಕಪಕ್ಕದವರ ವಿಚಾರ ಕೇಳಿದರೆ ತಪ್ಪು ತಿಳಿಯುತ್ತಾರೆಯೇ?

ನಾನು ಕೇಳಿದ್ದೆ. ಇದೇ ನಾಲ್ಕು ಪ್ರಶ್ನೆ, ಇದೇ ಕ್ರಮದಲ್ಲಿ, ಇದೇ ಊರಿನಲ್ಲಿ. ಕೊನೆಯ ಪ್ರಶ್ನೆಗೆ ಬಂದ ಉತ್ತರ ನೂರಕ್ಕೆ ನೂರು ಸತ್ಯವಾಗಿತ್ತು. ಆ ಸತ್ಯಕ್ಕೆ ನಾನು ತೆತ್ತದ್ದು 27,000 ರೂಪಾಯಿ, ಲಾರಿ ಬಾಡಿಗೆ ಬೇರೆ.

ಹಾಸನದಿಂದ ಬಂದವನು ನಾನು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಾತ್ರಿ ಪಾಳಿ. ನಮ್ಮ ಮನೆಯಲ್ಲಿ ನಿದ್ದೆ ಎಂಬುದು ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುವ ಕೆಲಸ. ಮನೆ ಹುಡುಕಲು ಹೊರಟಿದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಖಾಲಿ ಮನೆ ಇಟ್ಟುಕೊಂಡ ಮಾಲೀಕರು ಸ್ವಲ್ಪ ಬಗ್ಗುತ್ತಾರೆ ಎಂಬುದು ನನ್ನ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು. ವಿನೋಬನಗರದ ಕಡೆ ಮೊದಲ ಮಹಡಿಯ ಮನೆ, 9,500 ಎಂದಿದ್ದವರು 9,000ಕ್ಕೆ ಇಳಿದರು. ಅಡ್ವಾನ್ಸ್ 50,000. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ಫೋನಿನಲ್ಲಿ ಕೇಳಿದೆ: “ಸರ್, ಅಕ್ಕಪಕ್ಕ ಯಾರಿದ್ದಾರೆ?”

ಆ ಕಡೆ ಒಂದು ಕ್ಷಣ ಮೌನ. “ನೀವು ಯಾವ ಕಡೆಯವರು?” ಎಂದರು.

“ಹಾಸನದ ಕಡೆ ಸರ್.”

“ಅದಲ್ಲ.”

ಈ “ಅದಲ್ಲ” ಏನೆಂದು ನಿಮಗೂ ಗೊತ್ತು. ಇಲ್ಲಿ ಅಕ್ಕಪಕ್ಕ ಯಾರು ಎಂದು ಬಾಡಿಗೆದಾರ ಕೇಳಿದರೆ ಅದು ಜಾತಿಯ ಪ್ರಶ್ನೆಯಾಗಿ ಕೇಳಿಸುತ್ತದೆ, ಉತ್ತರವೂ ಅದೇ ದಾರಿಯಲ್ಲಿ ಬರುತ್ತದೆ. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಹೌದು, ತಪ್ಪು ತಿಳಿಯುತ್ತಾರೆ. ಆದರೆ ಅದಕ್ಕಿಂತ ದೊಡ್ಡ ತೊಂದರೆ, ಹಾಗೆ ಕೇಳಿದರೆ ನಿಮಗೆ ಬೇಕಾದ ವಿಷಯ ಸಿಗುವುದೇ ಇಲ್ಲ. ನಮ್ಮ ಮಾಲೀಕರು ನನ್ನ ಕುಲಗೋತ್ರ ವಿಚಾರಿಸಿ ಸಮಾಧಾನಪಟ್ಟುಕೊಂಡು ಹೇಳಿದ್ದಿಷ್ಟು: “ಎಡಕ್ಕೆ ನಿವೃತ್ತ ಮೇಷ್ಟ್ರು, ಗಂಡ ಹೆಂಡತಿ ಇಬ್ಬರೇ. ಕೆಳಗೆ ನಾವು. ಹಿಂದುಗಡೆ ಯಾರೂ ಇಲ್ಲ. ಎಂಥದೂ ತೊಂದರೆ ಇಲ್ಲ, ಬನ್ನಿ.”

ಹಿಂದುಗಡೆ ಯಾರೂ ಇಲ್ಲ. ಈ ಮೂರು ಪದಗಳನ್ನು ನಾನು ಖಾಲಿ ಸೈಟು ಎಂದು ಅರ್ಥ ಮಾಡಿಕೊಂಡೆ. ಹೆಂಡತಿಗೂ ಹಾಗೆಯೇ ಹೇಳಿದೆ.

ಮನೆ ನೋಡಲು ಹೋದ ದಿನ ಮಳೆ ಧೋ ಎಂದು ಸುರಿಯುತ್ತಿತ್ತು. ಇರಚಲು ಒಳಗೆ ಬರುತ್ತದೆ ಎಂದು ಮಲಗುವ ಕೋಣೆಯ ಕಿಟಕಿ ಮುಚ್ಚಿದ್ದರು. ನಾನೇ ಅರ್ಧ ತೆರೆದು ನೋಡಿದೆ. ಪಾಚಿ ಕಟ್ಟಿದ ಎತ್ತರದ ಗೋಡೆ, ಅದರ ಮೇಲೆ ಉದ್ದಕ್ಕೆ ತಗಡಿನ ಮಾಡು, ಮಾಡಿನಿಂದ ಎದ್ದ ಎರಡು ಹೊಗೆ ಕೊಳವೆ. ಯಾವುದೋ ಗೋಡೌನ್ ಇರಬೇಕು ಎಂದುಕೊಂಡು ಕಿಟಕಿ ಮುಚ್ಚಿದೆ. ಗೋಡೌನಿಗೆ ಹೊಗೆ ಕೊಳವೆ ಏಕೆ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಏಳಲಿಲ್ಲ. ಗೋಡೆಯ ತೇವ, ನಲ್ಲಿಯ ರಭಸ, ಅಡುಗೆಕಟ್ಟೆಯ ಎತ್ತರ ಎಲ್ಲವನ್ನೂ ಪರೀಕ್ಷಿಸಿದ ಮನುಷ್ಯ ನಾನು. ಕೊಳವೆಯನ್ನು ಮಾತ್ರ ಬಿಟ್ಟೆ.

ಶ್ರಾವಣ ಹುಟ್ಟಿದ ಮೂರನೆಯ ದಿನ ಹಾಲು ಉಕ್ಕಿಸಿದೆವು. ಅದೇ ವಾರ ಒಂದು ದಿನ ಬೆಳಗಿನ ಜಾವ ಮೂರು ಗಂಟೆಗೆ, ದಿಂಬಿನಿಂದ ಹತ್ತಡಿ ದೂರದಲ್ಲಿ, ಕೊಪ್ಪರಿಗೆಯೊಂದನ್ನು ಸಿಮೆಂಟ್ ನೆಲದ ಮೇಲೆ ಎಳೆದ ಸದ್ದಾಯಿತು. ಹಿಂದೆಯೇ ಗ್ರೈಂಡರ್. ಅದರ ಹಿಂದೆ ಗ್ಯಾಸ್ ಒಲೆಯ ಭುಸುಗುಟ್ಟುವಿಕೆ, ಭಟ್ಟರ ಕೂಗು, ಐದಕ್ಕೆ ಸಾಸಿವೆ ಒಗ್ಗರಣೆಯ ಘಾಟು. ಏಳಕ್ಕೆ ವಾಲಗ. ಹತ್ತೂವರೆಗೆ, ನನ್ನ ಹೆಂಡತಿ ಪಾಳಿ ಮುಗಿಸಿ ಬಂದು ಕಣ್ಣು ಮುಚ್ಚಿ ಒಂದು ಗಂಟೆಯಾಗಿರಬಹುದು, ಗಟ್ಟಿಮೇಳ.

ಕಲ್ಯಾಣ ಮಂಟಪದ ಹಿಂಭಾಗ ಅದು. ಮುಂಬಾಗಿಲು ಆಚೆ ರಸ್ತೆಗೆ, ಅಡುಗೆ ಮನೆ ನಮ್ಮ ಕಿಟಕಿಗೆ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಮಂಟಪ ಸತ್ತಂತೆ ಬಿದ್ದಿತ್ತು. ಯಾವ ಕಾರಣಕ್ಕೆ ಬಾಡಿಗೆ ಐನೂರು ಇಳಿದಿತ್ತೋ ಅದೇ ಕಾರಣಕ್ಕೆ ನನಗೆ ಮಂಟಪ ಕಾಣಿಸಲಿಲ್ಲ. ಮಾಲೀಕರನ್ನು ಕೇಳಿದರೆ ಅವರ ಮುಖದಲ್ಲಿ ನಿಜವಾದ ಆಶ್ಚರ್ಯ: “ನೀವು ಯಾರಿದ್ದಾರೆ ಎಂದು ಕೇಳಿದಿರಿ ಮಾರಾಯರೇ. ಅಲ್ಲಿ ಯಾರೂ ವಾಸ ಇಲ್ಲವಲ್ಲ!”

ಇದಕ್ಕೆ ಏನು ಹೇಳುತ್ತೀರಿ? ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟು ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು. ಇಪ್ಪತ್ತು ವರ್ಷದಿಂದ ಆ ಸದ್ದಿನೊಳಗೇ ಬದುಕಿದವರಿಗೆ ಅದು ಸದ್ದು ಎಂದು ಅನಿಸುವುದೂ ಇಲ್ಲ. ನಾನು ಕೇಳಬೇಕಿದ್ದದ್ದು ಮನುಷ್ಯರ ಬಗ್ಗೆ ಅಲ್ಲ, ಗೋಡೆಯಾಚೆ ನಡೆಯುವ ಕೆಲಸದ ಬಗ್ಗೆ. “ಮಲಗುವ ಕೋಣೆಯ ಕಿಟಕಿ ತೆರೆದರೆ ಏನು ಕಾಣಿಸುತ್ತದೆ? ಆ ಕಟ್ಟಡದಲ್ಲಿ ಏನು ನಡೆಯುತ್ತದೆ, ಎಷ್ಟು ಗಂಟೆಗೆ ಶುರುವಾಗುತ್ತದೆ?” ಈ ಪ್ರಶ್ನೆಗೆ ಜಾತಿಯ ವಾಸನೆ ಇಲ್ಲ, ಜಾರಿಕೊಳ್ಳಲು ಜಾಗವೂ ಇಲ್ಲ. ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಕೋಚಿಂಗ್ ಕ್ಲಾಸು, ಅಡಿಕೆ ಒಣಗಿಸುವ ತಾರಸಿ, ಏನಿದ್ದರೂ ಬಾಯಿಗೆ ಬಂದೇ ಬರುತ್ತದೆ.

ಪೊಲೀಸರಿಗೆ ಹೇಳಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕುತ್ತವೆ. ಮಂಟಪದವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು, ಹತ್ತಕ್ಕೆ ಮೈಕು ಬಂದ್. ಮೈಕಿಲ್ಲದ ಕೊಪ್ಪರಿಗೆಯ ಮೇಲೆ, ಇಪ್ಪತ್ತು ಸೇರು ಅಕ್ಕಿ ತೊಳೆಯುವ ಮನುಷ್ಯನ ಮೇಲೆ ಏನೆಂದು ದೂರು ಬರೆಯುವುದು? ಪಾಪ, ಅವನೂ ನಿದ್ದೆಗೆಟ್ಟು ದುಡಿಯುವವನೇ.

ಐದು ತಿಂಗಳು ತಡೆದೆವು. ಬಿಡುತ್ತೇವೆ ಎಂದಾಗ ಕರಾರು ಪತ್ರ ಹೊರಬಂತು. ಹನ್ನೊಂದು ತಿಂಗಳ ಕರಾರು, ಅದಕ್ಕೆ ಮೊದಲು ಬಿಟ್ಟರೆ ಎರಡು ತಿಂಗಳ ಬಾಡಿಗೆ ಕಡಿತ, ಸುಣ್ಣಬಣ್ಣಕ್ಕೆ ಒಂದು ತಿಂಗಳದ್ದು. 50,000ದಲ್ಲಿ 27,000 ಹೋಗಿ ಉಳಿದದ್ದು 23,000. ಅದೂ ಹೊಸ ಬಾಡಿಗೆದಾರ ಬಂದು ಅಡ್ವಾನ್ಸ್ ಕೊಟ್ಟ ಮೇಲೆ, ಎರಡು ತಿಂಗಳು ಕಳೆದು ಕೈಗೆ ಬಂತು. ಈ ಷರತ್ತುಗಳು ನನಗೆ ಗೊತ್ತೇ ಇರಲಿಲ್ಲ ಎಂದಲ್ಲ. ಸಹಿ ಹಾಕುವಾಗ ಓದಿದ್ದೆ. ಆದರೆ ಅಷ್ಟರಲ್ಲಿ 10,000 ಟೋಕನ್ ಕೊಟ್ಟಾಗಿತ್ತು, ಹಣ ಕೊಟ್ಟವನ ಬಾಯಿಗೆ ಬಲವಿರುವುದಿಲ್ಲ. ಇನ್ನೊಂದು ತಮಾಷೆ ನೋಡಿ: ನಾವು ಲಾರಿಗೆ ಸಾಮಾನು ಏರಿಸಿದ್ದು ಡಿಸೆಂಬರ್ ಕೊನೆಯ ವಾರ. ಧನುರ್ಮಾಸ ಹಿಡಿದು ಮಂಟಪ ಮತ್ತೆ ಮೌನವಾಗಿತ್ತು. ಖಾಲಿ ಮನೆ ನೋಡಲು ಬಂದಿದ್ದ ದಂಪತಿ “ಎಷ್ಟು ಪ್ರಶಾಂತವಾಗಿದೆ” ಎನ್ನುತ್ತಿದ್ದರು. ನಾನು ಕಿಟಕಿ ತೆರೆದು ಆ ಹೊಗೆ ಕೊಳವೆ ತೋರಿಸಿದೆ. ಮಾಲೀಕರು ನನ್ನೊಂದಿಗೆ ಮಾತು ಬಿಟ್ಟರು, ಆ ದಂಪತಿ ಆದರೂ ಅದೇ ಮನೆ ಹಿಡಿದರು ಎಂದು ಆಮೇಲೆ ತಿಳಿಯಿತು. ಅವರಿಬ್ಬರೂ ರಾತ್ರಿ ಮಲಗಿ ಬೆಳಿಗ್ಗೆ ಏಳುವ ಜನ ಇರಬೇಕು.

ಹಾಗಾದರೆ ಮೊದಲ ಮೆಸೇಜಿನಲ್ಲಿ ಏನು ಬರೆಯುವುದು? ನನ್ನನ್ನು ಕೇಳಿದರೆ ಪ್ರಶ್ನೆಪತ್ರಿಕೆ ಕಳಿಸಲೇಬೇಡಿ. ನಾನು ಕಂಡ ಮಾಲೀಕರೆಲ್ಲ ಅರವತ್ತು ದಾಟಿದವರು, ನಾಲ್ಕು ಪ್ರಶ್ನೆ ಕಳಿಸಿದರೆ “ಹೌದು” ಎಂದು ಒಂದೇ ಉತ್ತರ ಬರೆಯುತ್ತಾರೆ, ಯಾವುದಕ್ಕೆ ಹೌದು ಎಂದು ನೀವು ಯೋಚಿಸುತ್ತಾ ಕೂರಬೇಕು. ನೀವು ಯಾರು, ಎಲ್ಲಿ ಕೆಲಸ, ಎಷ್ಟು ಜನ, ಯಾವ ದಿನದಿಂದ ಮನೆ ಬೇಕು ಎಂದು ಎರಡು ಸಾಲು ಬರೆದು, ಯಾವಾಗ ಫೋನ್ ಮಾಡಲಿ ಎಂದು ಕೇಳಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಮಾತ್ರ ಬೇಡ, ಊಟ ಮಾಡಿ ಮಲಗಿರುತ್ತಾರೆ.

ಫೋನಿನಲ್ಲಿ ಬಾಡಿಗೆ ಎಷ್ಟು ಎಂಬುದರ ಜೊತೆಗೇ ಮೀಟರ್ ಪ್ರತ್ಯೇಕ ಇದೆಯೇ ಎಂದು ಕೇಳಿ. ಗೃಹಜ್ಯೋತಿಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ನಿಮ್ಮ ಮನೆಗೇ ಒಂದು ಮೆಸ್ಕಾಂ ಮೀಟರ್, ಅದಕ್ಕೊಂದು ಆರ್‌ಆರ್ ಸಂಖ್ಯೆ ಇರಬೇಕು. ಹಿಂದಿನವರ ಆಧಾರ್ ಅದಕ್ಕೆ ಜೋಡಿಸಿದ್ದರೆ ಬಿಡಿಸಿಕೊಳ್ಳಬೇಕು. ಮಾಲೀಕರ ಮೀಟರಿನಿಂದ ಎಳೆದ ಸಬ್ ಮೀಟರ್ ಆದರೆ ತಿಂಗಳಾ ತಿಂಗಳಾ ಅವರ ಲೆಕ್ಕಕ್ಕೆ ಹಣ ಕಟ್ಟುತ್ತೀರಿ. ಅಡ್ವಾನ್ಸ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ನೀವು ಅದು ವಾಪಸ್ ಬರುವ ದಿನ ಯಾವುದು, ಏನೇನು ಕಡಿತ ಎಂದು ಕೇಳಿ, ಟೋಕನ್ ಕೊಡುವ ಮೊದಲೇ. “ಹೊಸಬರು ಬಂದ ಮೇಲೆ ಕೊಡುತ್ತೇನೆ” ಎಂದರೆ ಅದಕ್ಕೊಂದು ಗಡುವು ಬರೆಸಿಕೊಳ್ಳಿ. ಮನೆ ಖಾಲಿ ಇದೆಯೇ ಎಂದರೆ “ಇದೆ” ಎಂದೇ ಹೇಳುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ ನೋಡಿ, ಒಳಗೆ ಇನ್ನೂ ಸಂಸಾರ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಆಮೇಲೆ ಆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ರಸ್ತೆಯಿಂದಲೂ. ನಾನು ಮುನ್ನೂರು ಹೆಜ್ಜೆ ನಡೆದಿದ್ದರೆ ಮಂಟಪದ ಬೋರ್ಡು ಕಾಣಿಸುತ್ತಿತ್ತು. ಮಳೆ ಇತ್ತು, ನಡೆಯಲಿಲ್ಲ. ಮೂಲೆಯ ಇಸ್ತ್ರಿಯವನನ್ನು ಕೇಳಿದ್ದರೂ ಸಾಕಿತ್ತು.

ಈಗಿನ ಮನೆ ಗೋಪಾಳದ ಕಡೆ. ಈ ಸಲ ಫೋನಿನಲ್ಲೇ ಕೇಳಿದೆ: “ಅಮ್ಮ, ಹಿಂದಿನ ಗೋಡೆಯಾಚೆ ಏನಿದೆ?” ಮಾಲೀಕರ ಮನೆಯಾಕೆ ಸ್ವಲ್ಪ ಹೊತ್ತು ತಡೆಯಿರಿ ಎಂದರು. ಚಪ್ಪಲಿ ಮೆಟ್ಟಿದ ಸದ್ದು, ಬಾಗಿಲು ತೆರೆದ ಸದ್ದು. ತಾವೇ ಹೋಗಿ ನೋಡಿ ಬಂದು ಹೇಳಿದರು: “ಒಂದು ಹಲಸಿನ ಮರ ಇದೆ. ಬೇಸಿಗೆಯಲ್ಲಿ ಮಂಗ ಬರುತ್ತವೆ. ಅದಕ್ಕೆಂದು ಬಾಡಿಗೆ ಕಡಿಮೆ ಮಾಡುವುದಿಲ್ಲ, ಈಗಲೇ ಹೇಳಿದ್ದೇನೆ.”

ಮರುದಿನವೇ ಹೋಗಿ ಅಡ್ವಾನ್ಸ್ ಕೊಟ್ಟೆ.